ಒಂದು ಪುಟದ ಪ್ರಸ್ತಾವನೆ: ಸೆಟ್ಟಿಂಗ್ ಸಮಯದ ಉದಾಹರಣೆ

ಪೀಣ್ಯದ ಒಂದು ಸಣ್ಣ ಮಷಿನ್ ಶಾಪ್‌ನಲ್ಲಿ ಇಂಟರ್ನ್ ಆಗಿದ್ದಾಗ ನಾನು ಬರೆದ ಪ್ರಸ್ತಾವನೆಯನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ. ಮೊದಲ ಸಲ ‘ಶಾಪ್‌ನ ಉತ್ಪಾದನೆ ಹೆಚ್ಚಿಸುವುದು’ ಎಂದು ಬರೆದುಕೊಂಡು ಹೋಗಿದ್ದೆ. ಸೂಪರ್‌ವೈಸರ್ ಓದಿ, "ಯಾವ ಮಷಿನ್ನಮ್ಮಾ? ಎಷ್ಟು ನಿಮಿಷ?" ಎಂದು ಕೇಳಿದರು. ಎರಡಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಾಗಾಗಿ ಬರೆಯುವ ಮೊದಲು ಅಳೆಯಬೇಕು. ಒಂದೇ ಸಿಎನ್‌ಸಿ ಲೇತ್ ಆರಿಸಿಕೊಂಡು, 5 ದಿನದಲ್ಲಿ ಆದ 10 ಸೆಟ್ಟಿಂಗ್‌ಗಳನ್ನು ನಿಂತು ನೋಡಿದೆ. ಹಳೆಯ ಜಾಬ್‌ನ ಕೊನೆಯ ಒಳ್ಳೆಯ ಪೀಸ್‌ನಿಂದ ಹೊಸ ಜಾಬ್‌ನ ಮೊದಲ ಒಳ್ಳೆಯ ಪೀಸ್‌ವರೆಗಿನದ್ದೇ ಸೆಟ್ಟಿಂಗ್ ಸಮಯ. ಸ್ಪಿಂಡಲ್ ತಿರುಗಿದ ಕೂಡಲೇ ಗಡಿಯಾರ ನಿಲ್ಲಿಸಿದರೆ ಪೀಸ್‌ನ ಅಳತೆ ಸರಿ ಬರಲು ಆಫ್‌ಸೆಟ್ ತಿದ್ದುವ ಸಮಯ ಲೆಕ್ಕಕ್ಕೇ ಬರುವುದಿಲ್ಲ. ಸರಾಸರಿ 50 ನಿಮಿಷ ಬಂತು. ಅದರಲ್ಲಿ 20 ನಿಮಿಷ ಆಪರೇಟರ್ ಸಾಫ್ಟ್ ಜಾ, ಇನ್ಸರ್ಟ್, ಗೇಜ್ ಹುಡುಕಲು ಸ್ಟೋರಿಗೆ ಓಡಾಡುತ್ತಿದ್ದರು. ಮಷಿನ್ ಸುಮ್ನೆ ನಿಂತಿರುತ್ತಿತ್ತು.

ಜಪಾನಿನ ಎಂಜಿನಿಯರ್ ಶಿಗಿಯೊ ಶಿಂಗೊ ಸೆಟ್ಟಿಂಗ್ ಕೆಲಸವನ್ನು ಎರಡು ಬಗೆ ಮಾಡಿದರು. ಮಷಿನ್ ನಿಲ್ಲಿಸಿಯೇ ಮಾಡಬೇಕಾದದ್ದು ಒಂದು, ಓಡುತ್ತಿರುವಾಗಲೇ ಮಾಡಬಹುದಾದದ್ದು ಇನ್ನೊಂದು. ಹುಡುಕಾಟ ಎರಡನೆಯದು. ಮುಂದಿನ ಜಾಬ್‌ನ ಸಾಮಾನನ್ನೆಲ್ಲ ಒಂದು ಟ್ರಾಲಿಯಲ್ಲಿ ಮೊದಲೇ ಜೋಡಿಸಿಡೋಣ ಎಂಬುದೇ ನನ್ನ ಪ್ರಸ್ತಾವನೆ.

ವ್ಯಾಪ್ತಿಯಲ್ಲಿ ಏನು ಮಾಡುವುದಿಲ್ಲ ಎಂಬುದನ್ನೂ ಬರೆಯಿರಿ. ಒಂದೇ ಲೇತ್, ಹಗಲು ಶಿಫ್ಟ್ ಮಾತ್ರ, ಪ್ರೋಗ್ರಾಂ ಮುಟ್ಟುವುದಿಲ್ಲ, ಫಸ್ಟ್ ಪೀಸ್ ತಪಾಸಣೆ ಬಿಡುವುದಿಲ್ಲ ಎಂದು ಬರೆದೆ. ಸೂಪರ್‌ವೈಸರ್‌ಗೆ ಜಾಸ್ತಿ ಧೈರ್ಯ ಕೊಟ್ಟದ್ದು ಈ ಕೊನೆಯ ಮಾತು.

ಕಾಲಾವಧಿ 4 ವಾರ. ಮೊದಲ ವಾರ ಆಪರೇಟರ್ ಜೊತೆ ಕೂತು ಪ್ರತಿ ಜಾಬ್‌ನ ಸಾಮಾನು ಪಟ್ಟಿ, ಎರಡನೇ ವಾರ ಟ್ರಾಲಿ, ಉಳಿದ ಎರಡು ವಾರ ಪ್ರಯೋಗ ಮತ್ತು ಅದೇ ವಿಧಾನದಲ್ಲಿ ಮರು ಅಳತೆ.

ಲಾಭ ಬರೆಯುವಾಗ 20 ನಿಮಿಷವೂ ಉಳಿಯುತ್ತದೆ ಎನ್ನಬೇಡಿ. ಏನಾದರೊಂದು ಮರೆತೇ ಹೋಗುತ್ತದೆ ಅಲ್ವಾ? ನಾನು 12 ಎಂದು ಹಿಡಿದೆ. ದಿನಕ್ಕೆ 2 ಸೆಟ್ಟಿಂಗ್ ಅಂದರೆ 24 ನಿಮಿಷ, 25 ಕೆಲಸದ ದಿನಕ್ಕೆ 600 ನಿಮಿಷ, ಅಂದರೆ ತಿಂಗಳಿಗೆ 10 ಗಂಟೆ. ಇದನ್ನು ರೂಪಾಯಿಗೆ ತಿರುಗಿಸಲು ಮಷಿನ್‌ನ ಗಂಟೆ ದರ ಬೇಕು. ಅದನ್ನು ಊಹಿಸದೆ ಸೂಪರ್‌ವೈಸರ್‌ನ್ನೇ ಕೇಳಿ. ಆರ್ಡರ್ ಇಲ್ಲದ ತಿಂಗಳು ಆ 10 ಗಂಟೆಯಿಂದ ದುಡ್ಡು ಬರುವುದಿಲ್ಲ ಎಂಬುದನ್ನೂ ಒಂದು ಸಾಲಿನಲ್ಲಿ ಹೇಳಿಬಿಡಿ.

ಒಂದು ಅಪಾಯವನ್ನೂ ನಾನೇ ಬರೆದೆ: ಟ್ರಾಲಿ ಎರಡೇ ವಾರದಲ್ಲಿ ಹಳೇ ಸಾಮಾನು ಪೇರಿಸುವ ಜಾಗ ಆಗಬಹುದು. ಸೆಟ್ಟಿಂಗ್ ನಡುವೆ ಆಪರೇಟರ್ ಸ್ಟೋರಿಗೆ ಎಷ್ಟು ಸಲ ಹೋದರು ಎಂದು ಗೀಟು ಹಾಕುತ್ತಿದ್ದರೆ ಅದು ಬೇಗ ಗೊತ್ತಾಗುತ್ತದೆ.

ಪುಟದ ಕೊನೆಯ ಸಾಲು ಹೀಗಿತ್ತು: ‘ಸರ್, ಒಂದು ಹಳೆಯ ಟ್ರಾಲಿ, ಮೊದಲ ವಾರ ದಿನಕ್ಕೆ ಅರ್ಧ ಗಂಟೆ ಆಪರೇಟರ್ ಸಮಯ, ಮತ್ತು ಸೋಮವಾರದಿಂದ ಶುರು ಮಾಡಲು ನಿಮ್ಮ ಒಪ್ಪಿಗೆ ಬೇಕು.’