ಗುದ್ದಿ ಹಿಂದೆ ಸರಿಯುವ ವಿದ್ಯೆ

ಎಂಟು ಜನ ಹುಟ್ಟು ಹಾಕುವ ದೋಣಿಗೆ ನಾನು ತರಬೇತಿ ಕೊಡುತ್ತೇನೆ. ಒಬ್ಬನ ಹುಟ್ಟು ಅರೆಕ್ಷಣ ತಡವಾಗಿ ನೀರಿನಿಂದ ಎದ್ದರೂ ಸಾಕು, ದೋಣಿ ಮುಗ್ಗರಿಸುತ್ತದೆ. ಪ್ರಾಚೀನ ಅಥೆನ್ಸ್‌ನ ಟ್ರೈರೀಮ್ ಹಡಗಿನಲ್ಲಿ 170 ಜನ ಹುಟ್ಟು ಹಾಕುತ್ತಿದ್ದರು. ಮೂರು ಅಂತಸ್ತು: ಮೇಲೆ 62, ನಡುವೆ 54, ಕೆಳಗೆ 54. ಮೇಲಿನ ಸಾಲಿನವರಿಗೆ ಬಿಟ್ಟರೆ ಉಳಿದವರಿಗೆ ತಮ್ಮ ಹುಟ್ಟಿನ ತುದಿಯೂ ಕಾಣುತ್ತಿರಲಿಲ್ಲ. ಲಯ ಹೇಳುವವನ ಕೂಗು, ಕೊಳಲಿನ ದನಿ, ಇಷ್ಟೇ ಅವರಿಗೆ ಆಧಾರ. ಸಿನಿಮಾದಲ್ಲಿ ತೋರಿಸುವ ಹಾಗೆ ಸರಪಳಿ ಬಿಗಿದ ಗುಲಾಮರಲ್ಲ ಇವರು. ಬಹುಪಾಲು ಸಂಬಳಕ್ಕೆ ದುಡಿಯುವ ಸ್ವತಂತ್ರ ಜನ.

ಹಡಗಿನ ಮೂತಿಯಲ್ಲಿ, ನೀರಿನ ಮಟ್ಟದಲ್ಲಿ, ಕಂಚಿನ ಕೊಂಬು. ಎದುರಾಳಿಯ ಪಕ್ಕೆಗೆ ಅದರಿಂದ ಗುದ್ದಬೇಕು. ಗುದ್ದುವುದು ಅರ್ಧ ಕೆಲಸ, ಅಷ್ಟೆ. ವೇಗ ಕಡಿಮೆಯಾದರೆ ಹಲಗೆ ಒಡೆಯುವುದಿಲ್ಲ. ಜಾಸ್ತಿಯಾದರೆ ಕೊಂಬು ಒಳಗೇ ಸಿಕ್ಕಿಕೊಳ್ಳುತ್ತದೆ. ಆಗ ಎದುರಾಳಿಯ ಸೈನಿಕರು ನಮ್ಮ ಹಡಗಿಗೇ ಹಾರಿ ಬರುತ್ತಾರೆ. ಅಥೆನ್ಸ್‌ನವರು ಹಡಗು ಹಗುರವಾಗಿರಲಿ ಎಂದು ಸಾಮಾನ್ಯವಾಗಿ 10 ಈಟಿಯವರು, 4 ಬಿಲ್ಲುಗಾರರನ್ನಷ್ಟೇ ಒಯ್ಯುತ್ತಿದ್ದರು. ಕೈಕೈ ಕಾಳಗಕ್ಕೆ ಅದು ಸಾಲುತ್ತದಾ? ಹಾಗಾಗಿ ಗುದ್ದಿದ ಕೂಡಲೇ 170 ಜನವೂ ಒಟ್ಟಿಗೆ ಹಿಮ್ಮುಖವಾಗಿ ಹುಟ್ಟು ಹಾಕಬೇಕಿತ್ತು. ನನ್ನ ಕಣ್ಣಿಗೆ ಇದೇ ಅತಿ ಕಷ್ಟದ ಕೆಲಸ.

ಕ್ರಿ.ಪೂ. 429ರಲ್ಲಿ ಗ್ರೀಸ್‌ನ ಪಾತ್ರಾಸ್ ಕೊಲ್ಲಿಯಲ್ಲಿ ಅಥೆನ್ಸ್‌ನ ದಂಡನಾಯಕ ಫಾರ್ಮಿಯೋ ಬಳಿ ಇದ್ದದ್ದು 20 ಹಡಗು. ಎದುರಿಗೆ ಗ್ರೀಸ್‌ನದೇ ಇನ್ನೊಂದು ನಗರ ಕೊರಿಂಥ್ ಮತ್ತು ಅದರ ಮಿತ್ರರ 47. ಅವುಗಳ ತುಂಬ ಭೂಸೇನೆ. ಅವರು ಮೂತಿ ಹೊರಗೆ, ಹಿಂಭಾಗ ಒಳಗೆ ಮಾಡಿ ದೊಡ್ಡ ಚಕ್ರವಾಗಿ ನಿಂತರು. ಯಾವ ಪಕ್ಕೆಯೂ ಹೊರಗೆ ಸಿಗಬಾರದಲ್ವಾ? ಫಾರ್ಮಿಯೋ ಗುದ್ದಲಿಲ್ಲ. ತನ್ನ ಹಡಗುಗಳನ್ನು ಒಂದೇ ಸಾಲಿನಲ್ಲಿ ಚಕ್ರದ ಸುತ್ತ, ಇನ್ನೇನು ಗುದ್ದಿಯೇ ಬಿಡುತ್ತವೆ ಅನ್ನುವಷ್ಟು ಹತ್ತಿರದಲ್ಲಿ ಸುತ್ತಿಸಿದ. ಚಕ್ರ ಕುಗ್ಗುತ್ತಾ ಬಂತು.

ಅವನು ಕಾಯುತ್ತಿದ್ದದ್ದು ಗಾಳಿಗೆ. ಬೆಳಗಿನ ಜಾವ ಕೊಲ್ಲಿಯಿಂದ ಗಾಳಿ ಬೀಸುವುದು ಅವನಿಗೆ ಗೊತ್ತಿತ್ತು. ಗಾಳಿ ಬಂದದ್ದೇ, ಹಡಗಿಗೆ ಹಡಗು ತಾಗಿತು. ಜನ ಉದ್ದನೆಯ ಕೋಲು ಹಿಡಿದು ಪಕ್ಕದ ಹಡಗನ್ನು ತಳ್ಳುತ್ತಾ ಕಿರುಚಾಡಿದರು, ಬೈದಾಡಿಕೊಂಡರು. ಆ ಗಲಾಟೆಯಲ್ಲಿ ಲಯ ಹೇಳುವವನ ದನಿ ಯಾರಿಗೂ ಕೇಳಿಸಲಿಲ್ಲ. ಅಲೆಯಿಂದ ಹುಟ್ಟು ಮೇಲೆತ್ತುವುದೂ ಆ ಅನುಭವವಿಲ್ಲದವರಿಗೆ ಆಗಲಿಲ್ಲ. ಹುಟ್ಟು ಏಳದಿದ್ದರೆ ಚುಕ್ಕಾಣಿ ಹಿಡಿದವನು ಏನು ಮಾಡಿಯಾನು? ಆಗ ಫಾರ್ಮಿಯೋ ಸಂಜ್ಞೆ ಕೊಟ್ಟ. ಮೊದಲು ಎದುರಾಳಿಗಳ ಒಬ್ಬ ದಂಡನಾಯಕನ ಹಡಗು ಮುಳುಗಿತು. ಓಡುತ್ತಿದ್ದವರಲ್ಲಿ 12 ಹಡಗು ಸೆರೆಸಿಕ್ಕವು.

ಈ ವಿದ್ಯೆಗೆ ಜಾಗ ಬೇಕು. 16 ವರ್ಷದ ನಂತರ ಸಿಸಿಲಿ ದ್ವೀಪದ ಸಿರಾಕ್ಯೂಸ್ ಬಂದರಿನ ಇಕ್ಕಟ್ಟಿನಲ್ಲಿ ಅಥೆನ್ಸ್‌ನವರಿಗೆ ಹಿಂದೆ ಸರಿಯಲು, ತಿರುಗಲು ಜಾಗವಿರಲಿಲ್ಲ. ಸಿರಾಕ್ಯೂಸ್‌ನವರು ತಮ್ಮ ಹಡಗಿನ ಮೂತಿಯನ್ನು ಮೊಟಕು ಮಾಡಿ, ದಪ್ಪ ತೊಲೆ ಕೊಟ್ಟು, ಮುಖಕ್ಕೆ ಮುಖ ಕೊಟ್ಟೇ ಗುದ್ದಿದರು. ಅಥೆನ್ಸ್‌ನ ಹಗುರ ಮೂತಿಗಳು ಸೀಳಿಹೋದವು.