ರೆಪೊ ಇಳಿಯಿತು, ನಿಮ್ಮ ಬಡ್ಡಿ ಯಾವಾಗ ಇಳಿಯುತ್ತದೆ?

2025ರ ಜೂನ್ 6ರಂದು ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ತಾನು ಬ್ಯಾಂಕುಗಳಿಗೆ ಕೊಡುವ ಅಲ್ಪಾವಧಿ ಸಾಲದ ಬಡ್ಡಿಯನ್ನು, ಶೇ 6ರಿಂದ 5.5ಕ್ಕೆ ಇಳಿಸಿತು. ಒಂದೇ ಬ್ಯಾಂಕಿನಲ್ಲಿ ಇಬ್ಬರ ಮನೆ ಸಾಲ ಇದೆ ಅಂದುಕೊಳ್ಳಿ. ಇಬ್ಬರ ಬಾಕಿಯೂ 30 ಲಕ್ಷ, ಸಾಲ ರೆಪೊಗೆ ಜೋಡಿಸಿದ್ದು, ಮೂರು ತಿಂಗಳಿಗೊಮ್ಮೆ ರೀಸೆಟ್, ಅಂದರೆ ಆ ದಿನದ ರೆಪೊಗೆ ತಕ್ಕಂತೆ ಬಡ್ಡಿ ಹೊಸದಾಗಿ ನಿಗದಿಯಾಗುತ್ತದೆ. ಒಬ್ಬರ ರೀಸೆಟ್ ದಿನ ಜೂನ್ 10. ಅವರಿಗೆ ನಾಲ್ಕೇ ದಿನದಲ್ಲಿ ಅರ್ಧ ಪರ್ಸೆಂಟ್ ಕಡಿಮೆಯಾಯಿತು. ಇನ್ನೊಬ್ಬರದು ಜೂನ್ 1ಕ್ಕೇ ಮುಗಿದುಹೋಗಿತ್ತು. ಅವರು ಸೆಪ್ಟೆಂಬರ್ 1ರವರೆಗೆ ಹಳೇ ಬಡ್ಡಿಯನ್ನೇ ಕಟ್ಟಬೇಕಾಯಿತು. ಈ ಕಾಯುವಿಕೆಗೆ ಅವರು ತೆತ್ತಿದ್ದು ಸುಮಾರು 3,400 ರೂಪಾಯಿ.

ಇದರಲ್ಲಿ ಬ್ಯಾಂಕಿನ ಮೋಸವೇನೂ ಇಲ್ಲ. ಮೂರು ತಿಂಗಳಲ್ಲಿ ಒಮ್ಮೆಯಾದರೂ ರೀಸೆಟ್ ಆಗಬೇಕು ಅನ್ನುವುದು ನಿಯಮ. ಅದಕ್ಕಿಂತ ಬೇಗ ಮಾಡುವ ಬ್ಯಾಂಕುಗಳೂ ಇವೆ. ರೆಪೊ ಏರಿದಾಗ ಇದೇ ತಡ ನಿಮಗೆ ಲಾಭ. 2022ರ ಮೇ 4ರಂದು ಯಾರೂ ಎಣಿಸದ ಹೊತ್ತಲ್ಲಿ ರೆಪೊ ಏರಿತಲ್ವಾ, ಆಗ ಈ ಎರಡನೆಯವರ ಹಾಗೆ ರೀಸೆಟ್ ಆಗಷ್ಟೇ ಮುಗಿಸಿದ್ದವರು ಮೂರು ತಿಂಗಳು ಆರಾಮಾಗಿದ್ದರು.

ಮೊದಲು ಹೀಗಿರಲಿಲ್ಲ. ಸಾಲದ ಬಡ್ಡಿಗೆ ಅಳತೆಗೋಲಾಗಿ 2010ರ ಜುಲೈನಲ್ಲಿ ಬೇಸ್ ರೇಟ್ ಬಂತು, 2016ರ ಏಪ್ರಿಲ್‌ನಲ್ಲಿ ಎಂಸಿಎಲ್‌ಆರ್. ಎರಡನ್ನೂ ಬ್ಯಾಂಕ್ ತನ್ನ ಖರ್ಚು ನೋಡಿಕೊಂಡು ತಾನೇ ಲೆಕ್ಕ ಹಾಕುತ್ತಿತ್ತು. ರಿಸರ್ವ್ ಬ್ಯಾಂಕ್ ದರ ಇಳಿಸಿದರೂ ಸಾಲಗಾರನವರೆಗೆ ಅದು ಬಂದು ಮುಟ್ಟುತ್ತಿದ್ದುದು ಚೂರುಪಾರು. ಯಾಕೆ ಹೀಗೆ ಅಂತ ನೋಡಲು ಜನಕ್ ರಾಜ್ ನೇತೃತ್ವದಲ್ಲಿ ರಿಸರ್ವ್ ಬ್ಯಾಂಕ್ ಒಂದು ಅಧ್ಯಯನ ತಂಡ ಮಾಡಿತು. 2017ರಲ್ಲಿ ಆ ತಂಡ ಹೇಳಿದ್ದರ ತಿರುಳು ಇಷ್ಟು: ಲೆಕ್ಕದಲ್ಲೂ ಕೈಯಾಡಿಸುತ್ತಾರೆ, ಮೇಲೆ ಸೇರಿಸುವ ಸ್ಪ್ರೆಡ್‌ನಲ್ಲೂ ಕೈಯಾಡಿಸುತ್ತಾರೆ. ಹಾಗಾಗಿ ಅಳತೆಗೋಲು ಬ್ಯಾಂಕಿನ ಹೊರಗಿರಲಿ, ಸ್ಪ್ರೆಡ್ ಕದಲದೆ ಇರಲಿ.

ಎರಡನೆಯ ಮಾತೇ ಮುಖ್ಯ. ರೆಪೊ ಅರ್ಧ ಪರ್ಸೆಂಟ್ ಇಳಿದ ದಿನ ಬ್ಯಾಂಕ್ ಸ್ಪ್ರೆಡ್ಡನ್ನು ಅರ್ಧ ಪರ್ಸೆಂಟ್ ಏರಿಸಿದರೆ ಹೊರಗಿನ ಅಳತೆಗೋಲು ಇದ್ದೂ ಏನು ಬಂತು?

2019ರ ಅಕ್ಟೋಬರ್ 1ರಿಂದ ಹೊರಗಿನ ಅಳತೆಗೋಲು ಕಡ್ಡಾಯವಾಯಿತು. ಮನೆ, ವಾಹನದಂಥ ಹೊಸ ಫ್ಲೋಟಿಂಗ್ ಸಾಲಗಳಿಗೂ ಸಣ್ಣ ಉದ್ಯಮಗಳ ಸಾಲಕ್ಕೂ ಇದು ಅನ್ವಯ. ಹೆಚ್ಚಿನ ಬ್ಯಾಂಕುಗಳು ರೆಪೊ ಆರಿಸಿಕೊಂಡವು; ಟ್ರೆಷರಿ ಬಿಲ್‌ನ ದರಕ್ಕೆ ಜೋಡಿಸಲೂ ಅವಕಾಶ ಇತ್ತು. ಹೌಸಿಂಗ್ ಫೈನಾನ್ಸ್ ಕಂಪನಿಗಳು ಈ ನಿಯಮದೊಳಗೆ ಬರಲಿಲ್ಲ. ಅಲ್ಲಿ ಸಾಲ ಇರುವವರು ರೆಪೊ ಸುದ್ದಿ ಓದಿ ಸುಮ್ನೆ ಲೆಕ್ಕ ಹಾಕುತ್ತಾ ಕೂತರೆ ಪ್ರಯೋಜನ ಕಡಿಮೆ.

ಸ್ಪ್ರೆಡ್‌ನಲ್ಲಿ ಎರಡು ಭಾಗ. ಒಂದು, ನೀವು ಸಾಲ ತೀರಿಸದೆ ಹೋದರೆ ಎನ್ನುವ ಅಪಾಯಕ್ಕೆ ಇಟ್ಟ ಬೆಲೆ. ನಿಮ್ಮ ಸಾಲ ತೀರಿಸುವ ಯೋಗ್ಯತೆಯಲ್ಲಿ ದೊಡ್ಡ ಬದಲಾವಣೆ ಆದಾಗ ಮಾತ್ರ, ಅದೂ ಒಪ್ಪಂದದಲ್ಲಿ ಬರೆದಂತೆ, ಅದನ್ನು ಬದಲಿಸಬಹುದು. ಇನ್ನೊಂದು, ಬ್ಯಾಂಕಿನ ಖರ್ಚು ವಗೈರೆ. ಅದನ್ನು ಏರಿಸಲು ಮೂರು ವರ್ಷಕ್ಕೊಮ್ಮೆ ಮಾತ್ರ ಅವಕಾಶ.

ಆದರೆ ಹೊಸ ಗಿರಾಕಿಗೆ ಎಷ್ಟು ಸ್ಪ್ರೆಡ್ ಹೇಳಬೇಕು ಅನ್ನುವುದು ಬ್ಯಾಂಕಿಗೇ ಬಿಟ್ಟದ್ದು. ಹಳಬರಿಗೆ ಕಚ್ಚುವುದು ಇಲ್ಲೇ. ಒಂದು ಉದಾಹರಣೆ ತೆಗೆದುಕೊಳ್ಳೋಣ. 2020ರ ಕೊನೆಗೆ ರೆಪೊ 4 ಇದ್ದಾಗ 2.95 ಸ್ಪ್ರೆಡ್ ಸೇರಿಸಿ ಶೇ 6.95ಕ್ಕೆ 30 ಲಕ್ಷ, 20 ವರ್ಷಕ್ಕೆ ಸಾಲ ಆಯಿತು. ಕಂತು ಸುಮಾರು 23,170. 2023ರ ಫೆಬ್ರುವರಿಗೆ ರೆಪೊ 6.5 ಆಯಿತು, ಮುಂದಿನ ರೀಸೆಟ್‌ಗೆ ಬಡ್ಡಿ 9.45. ಆಗ ಬಾಕಿ ಸುಮಾರು 28.5 ಲಕ್ಷ. ತಿಂಗಳ ಬಡ್ಡಿಯೇ 22,400ರ ಹತ್ತಿರ. ಕಂತು ಹಾಗೇ ಬಿಟ್ಟರೆ ಅಸಲಿಗೆ ಹೋಗುವುದು 700 ಚಿಲ್ಲರೆ, ಸಾಲ ಮುಗಿಯಲು ಇನ್ನೂ 36 ವರ್ಷದ ಆಸುಪಾಸು ಬೇಕು! ಕಂತು ಏರಿಸಬೇಕೋ ಅವಧಿಯೋ ಎಂದು ಸಾಲಗಾರನನ್ನು ಕೇಳಬೇಕು ಎಂಬ ಸೂಚನೆ ರಿಸರ್ವ್ ಬ್ಯಾಂಕಿನಿಂದ ಬಂದದ್ದು 2023ರ ಆಗಸ್ಟ್‌ನಲ್ಲಿ.

ಅದೇ ಹೊತ್ತಿಗೆ ಬಾಗಿಲಿಗೆ ಬಂದ ಹೊಸಬರಿಗೆ ಬ್ಯಾಂಕ್ 2.25 ಸ್ಪ್ರೆಡ್ ಹಾಕಿ 8.75ಕ್ಕೆ ಕೊಟ್ಟಿತು ಅನ್ನಿ. ನಮ್ಮ ಹಳಬರಿಗೆ ಅದು ಸಿಕ್ಕಿದ್ದರೆ ತಿಂಗಳಿಗೆ 1,660 ರೂಪಾಯಿ ಉಳಿಯುತ್ತಿತ್ತು. ಬ್ಯಾಂಕ್ ಏರಿಸದಂತೆ ಕಾಯುವ ಅದೇ ಬೀಗ, ತಾನಾಗಿ ಇಳಿಯದಂತೆಯೂ ಕಾಯುತ್ತದೆ. ಅರ್ಜಿ ಕೊಟ್ಟು, ಶುಲ್ಕ ಕಟ್ಟಿ ಕಡಿಮೆ ಸ್ಪ್ರೆಡ್‌ಗೆ ಬದಲಾಯಿಸಿಕೊಳ್ಳಬೇಕು, ಇಲ್ಲವೇ ಸಾಲವನ್ನು ಬೇರೆ ಬ್ಯಾಂಕಿಗೆ ಒಯ್ಯಬೇಕು. 2025ರ ಅಕ್ಟೋಬರ್‌ನಿಂದ ಸ್ಪ್ರೆಡ್‌ನ ಖರ್ಚಿನ ಭಾಗವನ್ನು ಮೂರು ವರ್ಷ ಕಾಯದೆ ಇಳಿಸಲು ಬ್ಯಾಂಕುಗಳಿಗೆ ಅವಕಾಶ ಇದೆ. ಇಳಿಸಲೇಬೇಕು ಅಂತೇನಿಲ್ಲ, ಆದ್ದರಿಂದ ಕೇಳದೆ ಇದ್ದರೆ ಸಿಗುವುದು ಕಷ್ಟ.

ಕೇಳುವ ಮೊದಲು ಒಂದು ಕಳೆಯುವ ಲೆಕ್ಕ ಮಾಡಿ. ಕಳೆದ ರೀಸೆಟ್ ದಿನ ಇದ್ದ ರೆಪೊ ದರವನ್ನು ಈಗಿನ ಬಡ್ಡಿಯಿಂದ ಕಳೆಯಿರಿ. ಸ್ಯಾಂಕ್ಷನ್ ಲೆಟರ್‌ನಲ್ಲಿ ಬರೆದ ಸ್ಪ್ರೆಡ್ಡೇ ಉಳಿಯಬೇಕು. ಅದಕ್ಕಿಂತ ಜಾಸ್ತಿ ಬಂದರೆ, ಯಾವ ದಿನ, ಯಾವ ಕಾರಣಕ್ಕೆ ಏರಿಸಿದಿರಿ ಎಂದು ಬ್ಯಾಂಕಿಗೆ ಬರೆದು ಕೇಳಿ.