ನಂಬರ್ ಕೊಡದೆ ಮೆಸೇಜ್: ಸಿಗ್ನಲ್‌ಗೆ ಇಷ್ಟು ವರ್ಷ ಯಾಕೆ ಬೇಕಾಯ್ತು?

2024ರ ಫೆಬ್ರವರಿಯಲ್ಲಿ ಸಿಗ್ನಲ್ ಆ್ಯಪ್‌ನಲ್ಲಿ ಯೂಸರ್‌ನೇಮ್ ಬಂತು. ಇನ್ನು ಮುಂದೆ ಹೊಸಬರಿಗೆ ಫೋನ್ ನಂಬರ್ ಕೊಡಬೇಕಾಗಿಲ್ಲ, ಒಂದು ಹೆಸರು ಕೊಟ್ಟರೆ ಸಾಕು. ಸುದ್ದಿ ಓದಿದ ಬಹಳ ಜನ ಕೇಳಿದ್ದು ಒಂದೇ: ಇದರಲ್ಲೇನು ದೊಡ್ಡ ವಿಷಯ? ಟೆಲಿಗ್ರಾಂ 2014ರಲ್ಲೇ ಇದನ್ನು ಕೊಟ್ಟಿತ್ತು. ಯಾಹೂ ಮೆಸೆಂಜರ್ ಕಾಲದಲ್ಲಂತೂ ಐಡಿ ಬಿಟ್ಟು ಬೇರೇನೂ ಇರಲೇ ಇಲ್ಲ. ಗೌಪ್ಯತೆಯ ಹೆಸರಲ್ಲೇ ನಡೆಯುವ ಆ್ಯಪ್‌ಗೆ ಇಷ್ಟು ತಡ ಯಾಕೆ?

ಹೆಸರು ಸೇರಿಸುವುದು ಕಷ್ಟದ ಕೆಲಸ ಆಗಿರಲಿಲ್ಲ. ಅಡಿಪಾಯದಲ್ಲಿ ಕೂತಿದ್ದ ನಂಬರನ್ನು ಕೀಳುವುದು ಕಷ್ಟವಾಗಿತ್ತು.

ಅದು ಅಲ್ಲಿಗೆ ಬಂದದ್ದು ಹೀಗೆ. ಸಿಗ್ನಲ್‌ನ ಮೊದಲ ರೂಪ 2010ರ ಟೆಕ್ಸ್ಟ್‌ಸೆಕ್ಯೂರ್. ಮಾಕ್ಸಿ ಮಾರ್ಲಿನ್‌ಸ್ಪೈಕ್ ಮತ್ತು ಅವರ ಜೊತೆಗಾರರು ಮಾಡಿದ ಈ ಆ್ಯಪ್ ಮಾಡುತ್ತಿದ್ದದ್ದು ಎಸ್ಸೆಮ್ಮೆಸ್‌ಗೆ ಬೀಗ ಹಾಕುವ ಕೆಲಸ. ಎಸ್ಸೆಮ್ಮೆಸ್ ಹೋಗುವುದೇ ನಂಬರಿಗೆ, ಹಾಗಾಗಿ ಬೇರೆ ಗುರುತಿನ ಪ್ರಶ್ನೆಯೇ ಇರಲಿಲ್ಲ. ಅದಕ್ಕೆ ಒಂದು ವರ್ಷ ಮೊದಲು ಶುರುವಾಗಿದ್ದ ವಾಟ್ಸಾಪ್ ಕೂಡ ನಂಬರನ್ನೇ ಖಾತೆ ಮಾಡಿಕೊಂಡಿತ್ತು. ಪಾಸ್‌ವರ್ಡ್ ಬೇಡ, ಫ್ರೆಂಡ್ ರಿಕ್ವೆಸ್ಟ್ ಬೇಡ. ಫೋನಿನಲ್ಲಿ ಈಗಾಗಲೇ ಸೇವ್ ಆಗಿರುವವರಲ್ಲಿ ಯಾರು ಈ ಆ್ಯಪ್ ಹಾಕಿಕೊಂಡಿದ್ದಾರೆ ಅಂತ ಆ್ಯಪೇ ಹುಡುಕಿ ತೋರಿಸುತ್ತದೆ. ನಮ್ಮ ಅಜ್ಜಿಯರೂ ವಾಟ್ಸಾಪ್ ಕಲಿತದ್ದು ಇದರಿಂದಲೇ, ಅಲ್ವಾ?

ಸಿಗ್ನಲ್‌ಗೆ ಇದರಲ್ಲಿ ಇನ್ನೊಂದು ಲಾಭವೂ ಇತ್ತು. ಯಾರು ಯಾರ ಪರಿಚಯ ಅನ್ನುವ ಪಟ್ಟಿ ಅವರವರ ಫೋನಿನಲ್ಲೇ ಉಳಿಯುತ್ತಿತ್ತು, ಸರ್ವರ್‌ನಲ್ಲಿ ಅಲ್ಲ. ಫೋನ್ ಬದಲಿಸಿದರೂ ಕಾಂಟ್ಯಾಕ್ಟ್ ಪಟ್ಟಿ ಜೊತೆಗೇ ಬರುತ್ತಿತ್ತು. ಫೇಸ್‌ಬುಕ್ ಥರ ಸ್ನೇಹಿತರ ಪಟ್ಟಿಯನ್ನು ಕಂಪನಿ ಇಟ್ಟುಕೊಳ್ಳುವ ಅಗತ್ಯವೇ ಬರಲಿಲ್ಲ. ಗೌಪ್ಯತೆಗೆ ಇದು ಒಳ್ಳೆಯದೇ.

ಆದರೆ ನಿಮ್ಮ ಕಾಂಟ್ಯಾಕ್ಟ್‌ಗಳಲ್ಲಿ ಯಾರು ಸಿಗ್ನಲ್‌ನಲ್ಲಿದ್ದಾರೆ ಅಂತ ತಿಳಿಯಲು ಆ ನಂಬರ್‌ಗಳನ್ನು ಸರ್ವರ್‌ಗೆ ಕಳಿಸಿ ಹೋಲಿಸಬೇಕಲ್ಲ. ಹಾಗೇ ಕಳಿಸದೆ ಹ್ಯಾಶ್ ಮಾಡಿ ಕಳಿಸಿದರೆ ಸಾಕು ಅಂತ ಅನ್ನಿಸುತ್ತದೆ. ಹ್ಯಾಶ್ ಅಂದರೆ ವಾಪಸ್ ತಿರುಗಿಸಲು ಆಗದ ಹಾಗೆ ಕಲಸಿದ ರೂಪ. ಇದು ಸಾಲುವುದಿಲ್ಲ ಅಂತ ಮಾರ್ಲಿನ್‌ಸ್ಪೈಕ್ 2014ರಲ್ಲೇ ಬರೆದಿದ್ದರು. ನಮ್ಮ ದೇಶದ್ದನ್ನೇ ತೆಗೆದುಕೊಳ್ಳಿ. ಮೊಬೈಲ್ ನಂಬರಿಗೆ 10 ಅಂಕಿ, ಮೊದಲನೆಯದು 6ರಿಂದ 9ರ ಒಳಗೆ. ಒಟ್ಟು ಹೆಚ್ಚೆಂದರೆ 400 ಕೋಟಿ ನಂಬರ್ ಸಾಧ್ಯ. ಕಂಪ್ಯೂಟರಿಗೆ ಇದು ಸಣ್ಣ ಲೆಕ್ಕ. ಎಲ್ಲ ನಂಬರ್‌ಗಳ ಹ್ಯಾಶನ್ನೂ ಮೊದಲೇ ಮಾಡಿಟ್ಟುಕೊಂಡರೆ ಯಾವ ಹ್ಯಾಶ್ ಯಾರ ನಂಬರ್ ಅಂತ ಹೊಂದಿಸಿ ನೋಡಬಹುದು. 2017ರಲ್ಲಿ ಸಿಗ್ನಲ್ ಈ ಹೋಲಿಕೆಯನ್ನು ಸರ್ವರ್‌ನ ಪ್ರೊಸೆಸರ್ ಒಳಗಿನ ಒಂದು ಮುಚ್ಚಿದ ಜಾಗದಲ್ಲಿ ನಡೆಸಲು ಶುರು ಮಾಡಿತು. ಅಲ್ಲಿ ಏನಾಗುತ್ತಿದೆ ಅಂತ ಸರ್ವರ್ ನಡೆಸುವವರಿಗೂ ಕಾಣಬಾರದು, ಅದು ಉದ್ದೇಶ. ಇದರಿಂದ ಕಂಪನಿಯ ಕಣ್ಣು ತಪ್ಪಿತು. ಎದುರಿಗಿರುವವರ ಕಣ್ಣು ತಪ್ಪಲಿಲ್ಲ. ಗುಂಪಿಗೆ ಸೇರಿದರೆ ಅಲ್ಲಿದ್ದ ಅಷ್ಟೂ ಜನಕ್ಕೆ ನಿಮ್ಮ ನಂಬರ್ ಕಾಣುತ್ತಿತ್ತು.

ಹಾಗಾದರೆ ಟೆಲಿಗ್ರಾಂ ಮಾಡಿದ ಹಾಗೆ ಮೇಲೊಂದು ಹೆಸರು ಅಂಟಿಸಿಬಿಟ್ಟರೆ? ಅದು ಎಲ್ಲಿ ಸೋರುತ್ತದೆ ಅನ್ನುವುದು 2019ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಗೊತ್ತಾಯಿತು. ಪ್ರತಿಭಟನಾಕಾರರು ಟೆಲಿಗ್ರಾಂನ ದೊಡ್ಡ ದೊಡ್ಡ ಗುಂಪುಗಳಲ್ಲಿ ಸೇರಿದ್ದರು. ನಂಬರ್ ಯಾರಿಗೂ ಕಾಣಬಾರದು ಅಂತ ಸೆಟ್ಟಿಂಗ್ ಕೂಡ ಮಾಡಿಕೊಂಡಿದ್ದರು. ಆದರೂ ದಾರಿ ಇತ್ತು. ಸಾವಿರಾರು ನಂಬರ್‌ಗಳನ್ನು ಸಾಲಾಗಿ ಒಂದು ಫೋನಿನ ಕಾಂಟ್ಯಾಕ್ಟ್‌ಗೆ ತುಂಬಿಸಿ ಟೆಲಿಗ್ರಾಂ ತೆರೆದರೆ, ಅದರಲ್ಲಿ ಯಾವ ನಂಬರ್ ಯಾವ ಖಾತೆಯದ್ದು ಅಂತ ಆ್ಯಪೇ ಹೊಂದಿಸಿ ಕೊಡುತ್ತಿತ್ತು. ಆಮೇಲೆ ಗುಂಪಿನ ಸದಸ್ಯರ ಪಟ್ಟಿ ನೋಡಿದರೆ ಆಯಿತು. ನಂಬರ್ ಸಿಕ್ಕಿದರೆ ಅದು ಯಾರ ಹೆಸರಿನಲ್ಲಿದೆ ಅಂತ ಪೊಲೀಸರು ಟೆಲಿಕಾಂ ಕಂಪನಿಯಿಂದ ಪಡೆಯಬಹುದು. ಅಲ್ಲಿನ ಇಂಜಿನಿಯರುಗಳು ಇದನ್ನು ಎತ್ತಿ ತೋರಿಸಿದ ಮೇಲೆ, ನಂಬರ್ ಮೂಲಕ ನನ್ನನ್ನು ಯಾರು ಹುಡುಕಬಹುದು ಅನ್ನುವ ಇನ್ನೊಂದು ಸೆಟ್ಟಿಂಗನ್ನು ಟೆಲಿಗ್ರಾಂ ಸೇರಿಸಿತು.

ಈ ಘಟನೆ ನೆನಪಿಟ್ಟುಕೊಳ್ಳಿ. ನಂಬರ್ ಕಾಣುವುದು ಬೇರೆ, ನಂಬರ್ ಹಾಕಿದರೆ ನೀವು ಸಿಗುವುದು ಬೇರೆ. ಮೊದಲನೆಯದನ್ನು ಮುಚ್ಚಿ ಎರಡನೆಯದನ್ನು ಮರೆಯುವುದೇ ಜಾಸ್ತಿ.

ಸಿಗ್ನಲ್ ಈ ಕೆಲಸವನ್ನು ಕೆಳಗಿನಿಂದ ಶುರು ಮಾಡಿತು. ಮೊದಲ ತೊಡಕು ಕಾಂಟ್ಯಾಕ್ಟ್ ಪಟ್ಟಿಯದ್ದು. ಬರೀ ಹೆಸರಿನಿಂದ ಪರಿಚಯವಾದವರು ನಿಮ್ಮ ಫೋನ್‌ಬುಕ್‌ನಲ್ಲಿ ಇರುವುದಿಲ್ಲ. ಫೋನ್ ಕಳೆದರೆ ಅವರೂ ಕಳೆದ ಹಾಗೆ. ಹಾಗಾಗಿ ಪಟ್ಟಿಯನ್ನು ಸರ್ವರ್‌ನಲ್ಲಿ ಇಡಲೇಬೇಕು, ಆದರೆ ಸಿಗ್ನಲ್‌ನವರಿಗೇ ಓದಲು ಆಗಬಾರದು. ಆ ಪಟ್ಟಿಗೆ ಬೀಗ ಹಾಕಲೆಂದೇ 2020ರಲ್ಲಿ ಪಿನ್ ಬಂತು. ಆಗ ಪಿನ್ ಹಾಕಿ ಅಂತ ಆ್ಯಪ್ ಪದೇ ಪದೇ ಕೇಳುತ್ತಿತ್ತು, ಬಹಳ ಜನ ಸಿಟ್ಟಾಗಿ ಬೈದರು. ಯೂಸರ್‌ನೇಮ್‌ಗೆ ನೆಲ ಹದ ಮಾಡುತ್ತಿದ್ದಾರೆ ಅಂತ ಹೆಚ್ಚಿನವರಿಗೆ ಗೊತ್ತಾಗಲಿಲ್ಲ.

ಎರಡನೆಯದು ಇನ್ನೂ ಆಳದ್ದು. ಒಂದು ಖಾತೆಗೆ ಎರಡು ಗುರುತು ಮಾಡಿದರು. ಒಂದು ಖಾತೆಯದ್ದೇ ಗುರುತು, ನಂಬರಿಗೂ ಅದಕ್ಕೂ ಹೊರಗಿನವರಿಗೆ ಕಾಣುವ ನಂಟಿಲ್ಲ. ಇನ್ನೊಂದು ನಂಬರಿಗೆ ಅಂಟಿದ ಗುರುತು. ನಿಮ್ಮ ನಂಬರ್ ಗೊತ್ತಿದ್ದು ಹೊಸದಾಗಿ ಮೆಸೇಜ್ ಮಾಡುವವರು ಎರಡನೆಯದಕ್ಕೆ ಬಂದು ತಲುಪುತ್ತಾರೆ. ಗುಂಪಿನಲ್ಲಿ ಅಥವಾ ಯೂಸರ್‌ನೇಮ್‌ನಿಂದ ಸಿಕ್ಕವರು ಮೊದಲನೆಯದನ್ನು ನೋಡುತ್ತಾರೆ. ಗುಂಪಿನಲ್ಲಿರುವ ಈ ವ್ಯಕ್ತಿಯೂ ಆ ನಂಬರಿನವರೂ ಒಬ್ಬರೇ ಅಂತ ಹಾಂಗ್‌ಕಾಂಗ್ ಥರ ಹೊಂದಿಸಲು ಆಗಬಾರದು ಅನ್ನುವುದು ಇದರ ಲೆಕ್ಕ. ಸಂಭಾಷಣೆ ಸುರಕ್ಷಿತವೇ ಅಂತ ಪರೀಕ್ಷಿಸುವ ಸೇಫ್ಟಿ ನಂಬರ್ ಕೂಡ ಮೊದಲು ಫೋನ್ ನಂಬರಿನಿಂದಲೇ ಹುಟ್ಟುತ್ತಿತ್ತು. ಅದನ್ನೂ ಹೊಸ ಗುರುತಿಗೆ ಬದಲಿಸಬೇಕಾಯಿತು. ಗುಂಪು, ಕಾಲ್, ಲಿಂಕ್ ಮಾಡಿದ ಲ್ಯಾಪ್‌ಟಾಪ್, ಎಲ್ಲ ಕಡೆ ಇದೇ ಬದಲಾವಣೆ.

ಇಷ್ಟೆಲ್ಲ ಆದ ಮೇಲೆ ಬಂದ ಯೂಸರ್‌ನೇಮ್ ನೋಡಲು ತುಂಬ ಸಾದಾ. ಹೆಸರಿನ ಕೊನೆಗೆ ಚುಕ್ಕಿ, ಆಮೇಲೆ ಕನಿಷ್ಠ ಎರಡು ಅಂಕಿ. ಈ ಅಂಕಿಗಳಿಂದ ಸುಮ್ನೆ ಊಹಿಸಿ ಹುಡುಕುವುದು ಸ್ವಲ್ಪ ಕಷ್ಟವಾಗುತ್ತದೆ, ಒಂದು ಹೆಸರನ್ನು ಒಬ್ಬರೇ ಹಿಡಿದು ಕೂರುವುದೂ ತಪ್ಪುತ್ತದೆ. ಟೆಲಿಗ್ರಾಂನಲ್ಲಿ ಚೆಂದದ ಹೆಸರುಗಳು 2022ರಿಂದ ಹರಾಜಿಗೇ ಹೋಗುತ್ತಿವೆ. ಸಿಗ್ನಲ್‌ನಲ್ಲಿ ಹೆಸರು ಹುಡುಕುವ ಪಟ್ಟಿಯೂ ಇಲ್ಲ. ಅಂಕಿ ಸಮೇತ ಸರಿಯಾಗಿ ಟೈಪ್ ಮಾಡಿದರೆ ಮಾತ್ರ ಸಿಗುತ್ತೀರಿ. ಇದರಿಂದ ಲಾಗಿನ್ ಆಗುವುದಿಲ್ಲ, ಚಾಟ್‌ನಲ್ಲಿ ಕಾಣುವ ಪ್ರೊಫೈಲ್ ಹೆಸರೂ ಇದಲ್ಲ. ಮೊದಲ ಭೇಟಿಗೆ ಒಂದು ಬಾಗಿಲು ಅಷ್ಟೇ, ಯಾವಾಗ ಬೇಕಾದರೂ ಬದಲಿಸಬಹುದು ಅಥವಾ ತೆಗೆದುಹಾಕಬಹುದು. ಆಗ ನಡೆಯುತ್ತಿರುವ ಚಾಟ್‌ಗಳಿಗೆ ಏನೂ ಆಗುವುದಿಲ್ಲ.

ಒಂದು ಉದಾಹರಣೆ ಮಾಡಿ ನೋಡೋಣ. ಶೈಲಜಾ ಅಂತ ಒಬ್ಬ ಟೀಚರ್ ಮನೆಯಲ್ಲಿ ಪಾಠ ಹೇಳಿಕೊಡುತ್ತಾರೆ ಅಂದುಕೊಳ್ಳಿ. ನಮ್ಮಲ್ಲಿ ನಂಬರ್ ಅಂದರೆ ಬರೀ ನಂಬರ್ ಅಲ್ಲ. ಯುಪಿಐ ಆ್ಯಪ್‌ನಲ್ಲಿ ಹಾಕಿದರೆ ಬ್ಯಾಂಕಿನಲ್ಲಿರುವ ಪೂರ್ತಿ ಹೆಸರು ಬರುತ್ತದೆ, ಬ್ಯಾಂಕಿನ ಓಟಿಪಿ ಬರುವುದೂ ಅದಕ್ಕೇ. ಹಾಗಾಗಿ ಅವರು ಪೋಸ್ಟರ್‌ನಲ್ಲಿ `shailaja_maths.47` ಅಂತ ಹಾಕುತ್ತಾರೆ, ಪಕ್ಕದಲ್ಲಿ ಕ್ಯೂಆರ್ ಕೋಡ್. ಒಬ್ಬ ಪೋಷಕರು ಸ್ಕ್ಯಾನ್ ಮಾಡಿ ಬರೆಯುತ್ತಾರೆ. ಶೈಲಜಾ ಅವರಿಗೆ ಮೆಸೇಜ್ ರಿಕ್ವೆಸ್ಟ್ ಬರುತ್ತದೆ, ಒಪ್ಪಿಕೊಳ್ಳುತ್ತಾರೆ. ಈಗ ಆ ಕಡೆಯವರಿಗೆ ಅವರ ಪ್ರೊಫೈಲ್ ಹೆಸರು, ಫೋಟೋ ಕಾಣುತ್ತದೆ. ನಂಬರ್ ಕಾಣುವುದಿಲ್ಲ.

ತಪ್ಪುವುದು ಮೂರು ಕಡೆ. ಮೊದಲನೆಯದಾಗಿ, ನಂಬರ್ ಮೊದಲೇ ಸೇವ್ ಮಾಡಿಕೊಂಡವರಿಗೆ ಅದು ಕಾಣುತ್ತಲೇ ಇರುತ್ತದೆ, ಯಾಕೆಂದರೆ ಅದು ಅವರ ಫೋನಿನಲ್ಲೇ ಇದೆ. ಎರಡನೆಯದು, ಪ್ರೊಫೈಲ್‌ನಲ್ಲಿ ಪೂರ್ತಿ ಹೆಸರು ಮತ್ತು ಬೇರೆ ಕಡೆಯೂ ಹಾಕಿದ ಅದೇ ಫೋಟೋ ಇಟ್ಟರೆ, ನಂಬರ್ ಇಲ್ಲದೆಯೇ ಗುರುತು ಸಿಗುತ್ತದೆ. ಮೂರನೆಯದು ಆ ಹಳೆಯ ಹಾಂಗ್‌ಕಾಂಗ್ ಬಿರುಕು. ಸಿಗ್ನಲ್‌ನಲ್ಲಿ `Settings`, `Privacy`, `Phone Number` ಒಳಗೆ ಹೋದರೆ ಎರಡು ಆಯ್ಕೆ ಇವೆ. ನಂಬರ್ ಯಾರು ನೋಡಬಹುದು ಅನ್ನುವುದು ತಾನಾಗಿಯೇ `Nobody` ಆಗಿರುತ್ತದೆ. ನಂಬರ್‌ನಿಂದ ಯಾರು ಹುಡುಕಬಹುದು ಅನ್ನುವುದು ಮಾತ್ರ ನೀವು ಬದಲಿಸದಿದ್ದರೆ `Everybody` ಆಗೇ ಉಳಿಯುತ್ತದೆ. ಅಂದರೆ ನಂಬರ್ ಗೊತ್ತಿರುವ ಯಾರಿಗಾದರೂ ನೀವು ಸಿಗ್ನಲ್‌ನಲ್ಲಿದ್ದೀರಿ ಅಂತ ಗೊತ್ತಾಗುತ್ತದೆ, ಮೆಸೇಜ್ ಕಳಿಸಲೂ ಬರುತ್ತದೆ. ಇದನ್ನೂ `Nobody` ಮಾಡಿ. ಸರಿಯಾಗಿದೆಯಾ ಅಂತ ನೋಡಲು ನಿಮ್ಮ ನಂಬರ್ ಸೇವ್ ಇಲ್ಲದ, ಹಿಂದೆ ಚಾಟ್ ಮಾಡದ ಒಂದು ಫೋನಿನ ಸಿಗ್ನಲ್‌ನಲ್ಲಿ ಆ ನಂಬರ್ ಹುಡುಕಿಸಿ ನೋಡಿ. ಸಿಗಬಾರದು. ಹೀಗೆ ಮಾಡಿದರೆ ನಿಮ್ಮ ನಂಬರ್ ಇರುವ ಹಳೆಯ ಗೆಳೆಯರಿಗೂ ನೀವು ಹೊಸದಾಗಿ ಸಿಗುವುದಿಲ್ಲ, ಅದು ಇದರ ಬೆಲೆ. ಕ್ಯೂಆರ್ ಕೋಡ್ ಬೇಡದವರ ಕೈಗೆ ಹೋಗಿದ್ದರೆ ರಿಸೆಟ್ ಮಾಡಿ, ಹಳೆಯದು ಕೆಲಸ ನಿಲ್ಲಿಸುತ್ತದೆ.

ಪೊಲೀಸರು, ಕೋರ್ಟ್ ಕೇಳಿದರೆ? 2016ರಲ್ಲಿ ಅಮೆರಿಕದ ವರ್ಜೀನಿಯಾದ ಗ್ರ್ಯಾಂಡ್ ಜ್ಯೂರಿಯೊಂದು ನಂಬರ್ ಕೊಟ್ಟು ಮಾಹಿತಿ ಕೇಳಿತ್ತು. ಸಿಗ್ನಲ್ ಕೊಡಲು ಸಾಧ್ಯವಾದದ್ದು ಎರಡೇ: ಖಾತೆ ತೆರೆದ ಸಮಯ, ಕೊನೆಯ ಬಾರಿ ಸಂಪರ್ಕಿಸಿದ ದಿನ. ಈಗ ಯೂಸರ್‌ನೇಮ್ ಕೊಟ್ಟು ಕೇಳಿದರೆ ಲೆಕ್ಕ ಬೇರೆ. ಸರ್ವರ್‌ನಲ್ಲಿ ಹೆಸರು ಹ್ಯಾಶ್ ರೂಪದಲ್ಲಿರುತ್ತದೆ, ಹೆಸರುಗಳ ಪಟ್ಟಿ ಕೊಡಿ ಅಂದರೆ ಕೊಡಲು ಏನೂ ಇಲ್ಲ. ಆದರೆ ಚಾಲ್ತಿಯಲ್ಲಿರುವ ಒಂದು ಹೆಸರನ್ನೇ ಕೈಗೆ ಕೊಟ್ಟರೆ, ಅದರ ಹ್ಯಾಶ್ ಮಾಡಿ ಯಾವ ಖಾತೆ ಅಂತ ಪತ್ತೆ ಮಾಡಬಹುದು. ಆ ಖಾತೆಗೆ ನಂಬರ್ ಅಂಟಿಕೊಂಡಿದೆ. ಅಷ್ಟರೊಳಗೆ ನೀವು ಹೆಸರು ಬದಲಿಸಿದ್ದರೆ ಆ ಕೊಂಡಿ ಇರುವುದಿಲ್ಲ. ಅಕ್ಕಪಕ್ಕದವರು, ಅಪರಿಚಿತರು, ಕಾಟ ಕೊಡುವವರಿಂದ ಇದು ಒಳ್ಳೆಯ ಮರೆ. ಸರ್ಕಾರದಿಂದ ಮರೆ ಅಂತ ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ.

ಖಾತೆ ತೆರೆಯಲು ಇವತ್ತಿಗೂ ನಂಬರ್ ಬೇಕೇ ಬೇಕು. ಸ್ಪ್ಯಾಮ್ ತಡೆಯಲು ಅದು ಸಹಾಯ ಮಾಡುತ್ತದೆ ಅನ್ನುವುದು ಕಾರಣ. ಅದರ ಅಪಾಯ 2022ರ ಆಗಸ್ಟ್‌ನಲ್ಲಿ ಕಂಡಿತು. ಸಿಗ್ನಲ್ ಪರವಾಗಿ ಎಸ್ಸೆಮ್ಮೆಸ್ ಕೋಡ್ ಕಳಿಸುವ ಟ್ವಿಲಿಯೊ ಕಂಪನಿಯೊಳಗೆ ಕಳ್ಳರು ನುಗ್ಗಿದರು. ಸುಮಾರು 1,900 ಬಳಕೆದಾರರ ನಂಬರ್‌ಗಳು ಅವರಿಗೆ ಕಂಡಿರಬಹುದು. ಮೂರು ನಂಬರ್‌ಗಳನ್ನು ಅವರು ಬೇಕೆಂದೇ ಹುಡುಕಿದ್ದರು, ಅದರಲ್ಲಿ ಒಬ್ಬರ ಖಾತೆಯನ್ನು ಬೇರೆ ಫೋನಿನಲ್ಲಿ ಮತ್ತೆ ನೋಂದಾಯಿಸಲಾಗಿತ್ತು. ಹಳೆಯ ಮೆಸೇಜ್‌ಗಳು ಸಿಗಲಿಲ್ಲ, ಅವು ಫೋನಿನಲ್ಲೇ ಇದ್ದವು.

ನಮ್ಮಲ್ಲಿ ಈ ಗಂಟು ಇನ್ನೂ ಬಿಗಿಯಾಗುತ್ತಿದೆ. 2025ರ ನವೆಂಬರ್‌ನಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆ ವಾಟ್ಸಾಪ್, ಟೆಲಿಗ್ರಾಂ, ಸಿಗ್ನಲ್ ಸೇರಿದಂತೆ ಹಲವು ಆ್ಯಪ್‌ಗಳಿಗೆ, ನೋಂದಾಯಿಸಿದ ಸಿಮ್ ಫೋನಿನಲ್ಲೇ ಇದ್ದರೆ ಮಾತ್ರ ಆ್ಯಪ್ ನಡೆಯಬೇಕು ಅಂತ ನಿರ್ದೇಶನ ಕೊಟ್ಟಿತು. ಸೈಬರ್ ವಂಚನೆ ತಡೆಯುವುದು ಅದರ ಉದ್ದೇಶ. ವಾಟ್ಸಾಪ್ ಕೂಡ ಯೂಸರ್‌ನೇಮ್ ತರುವುದಾಗಿ 2024ರ ಅಕ್ಟೋಬರ್‌ನಲ್ಲೇ ಹೇಳಿದೆ. ಎದುರಿನವರಿಗೆ ಹೆಸರು, ಒಳಗೆ ಸಿಮ್, ಎರಡೂ ಒಟ್ಟಿಗೆ ಇರುತ್ತವೆ. ಹಾಗಾಗಿ ಹೆಸರು ಇಟ್ಟುಕೊಳ್ಳುವ ದಿನವೇ ಸಿಗ್ನಲ್‌ನಲ್ಲಿ ರಿಜಿಸ್ಟ್ರೇಷನ್ ಲಾಕ್ ಕೂಡ ಆನ್ ಮಾಡಿಬಿಡಿ. ಯಾರೋ ನಿಮ್ಮ ಎಸ್ಸೆಮ್ಮೆಸ್ ಕೋಡ್ ಕದ್ದರೂ ಪಿನ್ ಇಲ್ಲದೆ ಖಾತೆ ಎತ್ತಿಕೊಳ್ಳಲು ಆಗುವುದಿಲ್ಲ. ಆದರೆ ನೀವು ಏಳು ದಿನ ಸಿಗ್ನಲ್ ಬಳಸದೇ ಇದ್ದರೆ ಆ ಲಾಕ್ ತಾನಾಗಿ ಬಿಟ್ಟುಕೊಳ್ಳುತ್ತದೆ. ರೀಚಾರ್ಜ್ ಮಾಡದೆ ಬಿಟ್ಟ ಸಿಮ್ಮಿನ ನಂಬರ್ ಮುಂದೆ ಇನ್ನೊಬ್ಬರ ಕೈಗೆ ಹೋಗುತ್ತದಲ್ಲ, ಅವರೂ ಅದರಲ್ಲಿ ಸಿಗ್ನಲ್ ತೆರೆಯಬಹುದು ಅಂತ ಈ ವ್ಯವಸ್ಥೆ. ಹಳೆಯ ಸಿಮ್ ಬಿಡುವ ಮೊದಲು ಆ್ಯಪ್‌ನಲ್ಲಿ ನಂಬರ್ ಬದಲಿಸಿಕೊಳ್ಳಿ.